ಎರಡು ಪರದೆ, ಹತ್ತು ವಿಂಡೋ, ನಾಲ್ಕು ಬಾಣ

ಟ್ಯಾಲಿಯಲ್ಲಿ ಪಳಗಿದವರ ಬೆರಳುಗಳನ್ನು ನೋಡಬೇಕು. ಪೇಮೆಂಟಿಗೆ F5, ರಸೀದಿಗೆ F6, ಜರ್ನಲ್ಲಿಗೆ F7, ಮಾರಾಟಕ್ಕೆ F8, ಖರೀದಿಗೆ F9. ಒಂದು ಬಿಲ್ಲು ಪೂರ್ತಿ ನಮೂದಾದರೂ ಕೈ ಮೌಸಿನ ಕಡೆ ಹಾಯುವುದಿಲ್ಲ. ಅದೇ ಮನುಷ್ಯನಿಗೆ ಪಕ್ಕದಲ್ಲೊಂದು ಎಕ್ಸೆಲ್ ಹಾಳೆ ತೆರೆದಿಟ್ಟುಕೊಳ್ಳಿ ಎಂದು ಹೇಳಿ ನೋಡಿ. ಕೈ ಮೌಸಿಗೆ ಹೋಗುತ್ತದೆ, ವಿಂಡೋದ ಅಂಚನ್ನು ಹುಡುಕುತ್ತದೆ, ಎಳೆಯುತ್ತದೆ, ಬಿಡುತ್ತದೆ. ಸ್ವಲ್ಪ ಹೆಚ್ಚಾಯಿತೆಂದು ಮತ್ತೆ ಎಳೆಯುತ್ತದೆ. ಮೇಜಿನ ಮೇಲೆ ಎರಡನೇ ಮಾನಿಟರ್ ಬೇರೆ ಇದ್ದರೆ ಈ ಎಳೆದಾಟ ಒಂದು ಪರದೆಯಿಂದ ಇನ್ನೊಂದಕ್ಕೂ ಹಬ್ಬುತ್ತದೆ.

ಲೆಕ್ಕಪತ್ರದ ಕಚೇರಿಗಳಲ್ಲಿ, ಪತ್ರಿಕೆಗಳ ಡೆಸ್ಕುಗಳಲ್ಲಿ, ಮನೆಯಿಂದಲೇ ಕೆಲಸ ಮಾಡುವವರ ಕೋಣೆಗಳಲ್ಲಿ ಈಗ ಲ್ಯಾಪ್‌ಟಾಪ್ ಪಕ್ಕಕ್ಕೊಂದು ದೊಡ್ಡ ಮಾನಿಟರ್ ಸಾಮಾನ್ಯವಾಗಿದೆ. ದುಡ್ಡು ಕೊಟ್ಟು ಜಾಗ ಕೊಂಡಿದ್ದಾಗಿದೆ, ಆದರೆ ಆ ಜಾಗವನ್ನು ಹಂಚಿಕೊಳ್ಳುವ ಕೆಲಸ ಇನ್ನೂ ಮೌಸಿನದೇ. ಇದನ್ನು ಕೀಬೋರ್ಡಿನಿಂದಲೇ ಮುಗಿಸುವ ಸೌಲಭ್ಯ ವಿಂಡೋಸ್‌ನಲ್ಲಿ 2009ರಿಂದ ಇದೆ. ಅದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಸ್ಪೇಸ್‌ಬಾರಿನ ಎಡಕ್ಕೆ ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀ ಮತ್ತು ನಾಲ್ಕು ಬಾಣದ ಕೀಗಳು ಸಾಕು.

ಇದರ ಇತಿಹಾಸದಲ್ಲೊಂದು ತಮಾಷೆಯಿದೆ. 1985ರಲ್ಲಿ ಬಂದ ಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುತ್ತಲೇ ಇರಲಿಲ್ಲ. ಪರದೆಯನ್ನು ಪಾಲು ಮಾಡಿಕೊಂಡು ಅಕ್ಕಪಕ್ಕ ಕೂರುತ್ತಿದ್ದವು. ಎರಡು ವರ್ಷದ ನಂತರ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಹರಡುವ ಸ್ವಾತಂತ್ರ್ಯ ಸಿಕ್ಕಿತು, ಅದನ್ನೇ ಪ್ರಗತಿ ಎಂದು ಎಲ್ಲರೂ ಒಪ್ಪಿಕೊಂಡರು. ವಿಂಡೋಸ್ 7 ಬಂದಾಗ ಮೈಕ್ರೋಸಾಫ್ಟ್ ಮತ್ತೆ ಅಕ್ಕಪಕ್ಕದ ಜೋಡಣೆಗೆ ಮರಳಿ, ಅದನ್ನು ಸ್ನ್ಯಾಪ್ ಎಂದು ಕರೆಯಿತು. ಆಗ ಅರ್ಧರ್ಧ ಪಾಲು ಮಾತ್ರ ಇತ್ತು. ಕಾಲು ಭಾಗಕ್ಕೆ ಕೂರಿಸುವುದು 2015ರ ವಿಂಡೋಸ್ 10ರಲ್ಲಿ ಬಂತು. 2021ರ ವಿಂಡೋಸ್ 11 ಇನ್ನಷ್ಟು ವಿನ್ಯಾಸಗಳನ್ನು ಸೇರಿಸಿತು.

ಅರ್ಧದಿಂದಲೇ ಶುರು ಮಾಡಬಹುದು. ಯಾವ ವಿಂಡೋದಲ್ಲಿ ಕೆಲಸ ನಡೆಯುತ್ತಿದೆಯೋ ಅದರಲ್ಲಿದ್ದುಕೊಂಡೇ Win + ← ಒತ್ತಿದರೆ ಅದು ಪರದೆಯ ಎಡ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. Win + → ಒತ್ತಿದರೆ ಬಲ ಅರ್ಧಕ್ಕೆ. ಹೀಗೆ ಒಂದನ್ನು ಕೂರಿಸಿದ ಕೂಡಲೇ ಉಳಿದ ಅರ್ಧದಲ್ಲಿ, ತೆರೆದಿರುವ ಬೇರೆ ವಿಂಡೋಗಳೆಲ್ಲ ಸಣ್ಣ ಚಿತ್ರಗಳಾಗಿ ಸಾಲುಗಟ್ಟುತ್ತವೆ. ಬಹಳ ಜನ ಇಲ್ಲಿ ಗಾಬರಿಬಿದ್ದು ಮೌಸ್ ಹಿಡಿಯುತ್ತಾರೆ. ಅದರ ಅಗತ್ಯವಿಲ್ಲ. ಬಾಣದ ಕೀಯಿಂದ ಬೇಕಾದ್ದರ ಮೇಲೆ ಹೋಗಿ ಎಂಟರ್ ಒತ್ತಿದರೆ ಅದು ಖಾಲಿ ಅರ್ಧದಲ್ಲಿ ಬಂದು ಕೂರುತ್ತದೆ. ಯಾವುದೂ ಬೇಡವಾದರೆ Esc ಒತ್ತಿದರಾಯಿತು, ಸಾಲು ಮಾಯವಾಗುತ್ತದೆ. ಪದೇ ಪದೇ ಕಾಣಿಸುವ ಈ ಸಾಲೇ ಕಿರಿಕಿರಿ ಎನ್ನುವವರು Settings ತೆರೆದು System, ಅದರೊಳಗೆ Multitasking, ಅಲ್ಲಿರುವ Snap windows ಎಂಬಲ್ಲಿ ಅದೊಂದನ್ನೇ ತೆಗೆದುಹಾಕಬಹುದು. ಬಾಣ ಒತ್ತಿದರೂ ವಿಂಡೋ ಅಲ್ಲಾಡುತ್ತಿಲ್ಲ ಎನ್ನುವವರೂ ಮೊದಲು ನೋಡಬೇಕಾದ ಜಾಗ ಇದೇ. ಯಾರೋ ಆ ಸ್ವಿಚ್ಚನ್ನು ಪೂರ್ತಿ ಆರಿಸಿಟ್ಟಿರುತ್ತಾರೆ.

ಕಾಲು ಭಾಗಕ್ಕೆ ಕೂರಿಸುವಾಗ ಒತ್ತುವ ಕ್ರಮ ಮುಖ್ಯ. ವಿಂಡೋಸ್ ಕೀಯನ್ನು ಒತ್ತಿ ಹಿಡಿದೇ ಮೊದಲು ಪಕ್ಕದ ಬಾಣ, ಆಮೇಲೆ ಮೇಲಿನ ಅಥವಾ ಕೆಳಗಿನ ಬಾಣ. ಬಲಗಡೆಯ ಕೆಳಮೂಲೆ ಬೇಕೆಂದರೆ → ಒತ್ತಿ ↓ ಒತ್ತಬೇಕು. ಎಡಗಡೆಯ ಮೇಲ್ಮೂಲೆಗೆ ←, ನಂತರ ↑. ಇದನ್ನು ತಿರುಗಿಸಿ ಮಾಡಿದರೆ ಬೇರೆಯದೇ ನಡೆಯುತ್ತದೆ. ಸ್ವತಂತ್ರವಾಗಿ ತೇಲುತ್ತಿರುವ ವಿಂಡೋಗೆ Win + ↑ ಎಂದರೆ ಪರದೆ ತುಂಬ ಹರಡು ಎಂದರ್ಥ, Win + ↓ ಎಂದರೆ ಕೆಳಗಿನ ಪಟ್ಟಿಯೊಳಗೆ ಇಳಿ ಎಂದರ್ಥ. ಅಂದರೆ ಮೇಲೆ ಕೆಳಗೆ ಬಾಣಗಳ ಅರ್ಥ ವಿಂಡೋ ಆಗ ಯಾವ ಸ್ಥಿತಿಯಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಅರ್ಧದಲ್ಲಿ ಕೂತಿದ್ದರೆ ಮಾತ್ರ ಅದು ಕಾಲಿಗೆ ಇಳಿಯುತ್ತದೆ. ಕೆಳಮೂಲೆಯಲ್ಲಿ ಕೂತದ್ದಕ್ಕೆ ಅವಸರದಲ್ಲಿ ಇನ್ನೊಂದು ಸಲ ↓ ಒತ್ತಿಬಿಟ್ಟರೆ ವಿಂಡೋ ಕಣ್ಮರೆ. ಅದು ಮುಚ್ಚಿಹೋಗಿಲ್ಲ, ಕೆಳಗಿನ ಪಟ್ಟಿಗೆ ಇಳಿದಿದೆ, ಅಷ್ಟೇ. Alt + Tab ಒತ್ತಿ ಆರಿಸಿದರೆ ಮರಳುತ್ತದೆ. ಶಾರ್ಟ್‌ಕಟ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಈ ಒಂದು ಹೆಚ್ಚಿನ ಒತ್ತು ಅಥವಾ ತಿರುವುಮುರುವಾದ ಕ್ರಮ.

ಇಷ್ಟನ್ನು ಒಂದು ನಿಜವಾದ ಕೆಲಸದ ಮೇಲೆ ಹಚ್ಚಿ ನೋಡೋಣ. ಪ್ರತಿ ತಿಂಗಳೂ 14ನೇ ತಾರೀಕಿನ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ತಯಾರಾಗುತ್ತದೆ. ಅಂಗಡಿಗೆ ಸರಕು ಕೊಟ್ಟವರು ತಾವು ಸಲ್ಲಿಸಿದ ಲೆಕ್ಕದಲ್ಲಿ ತೋರಿಸಿರುವ ಬಿಲ್ಲುಗಳ ಪಟ್ಟಿ ಅದು. ಇದನ್ನು ತಮ್ಮ ಟ್ಯಾಲಿಯಲ್ಲಿರುವ ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, ವ್ಯತ್ಯಾಸ ಹುಡುಕಿ, ತಿಂಗಳ ಲೆಕ್ಕ ಕಟ್ಟುವವರು ಸಾಮಾನ್ಯವಾಗಿ 20ರೊಳಗೆ 3ಬಿ ಸಲ್ಲಿಸಬೇಕು. ಹುಬ್ಬಳ್ಳಿಯಾಗಲಿ ಹಾಸನವಾಗಲಿ, ಲೆಕ್ಕಪತ್ರ ನೋಡುವವರ ಮೇಜಿನಲ್ಲಿ ಆ ದಿನಗಳಲ್ಲಿ ಒಂದೇ ಹೊತ್ತಿಗೆ ಟ್ಯಾಲಿ, 2ಬಿ ಹಾಳೆ, ಟ್ಯಾಲಿಯಿಂದ ಎಕ್ಸೆಲ್‌ಗೆ ತೆಗೆದ ಖರೀದಿ ಪಟ್ಟಿ, ಬಿಲ್ಲಿನ ಪಿಡಿಎಫ್, ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ, ಎಲ್ಲವೂ ತೆರೆದಿರುತ್ತವೆ.

ಮೇಜು ಹೀಗಿದೆ ಎನ್ನೋಣ: ಎಡಕ್ಕೆ 15.6 ಇಂಚಿನ ಲ್ಯಾಪ್‌ಟಾಪ್, ಬಲಕ್ಕೆ 24 ಇಂಚಿನ ಮಾನಿಟರ್. ಎರಡೂ 1920 ಅಡ್ಡ, 1080 ಉದ್ದದ ಚುಕ್ಕಿಗಳ ಪರದೆಗಳು. ಟ್ಯಾಲಿಯನ್ನು ಲ್ಯಾಪ್‌ಟಾಪಿನಲ್ಲಿ ಪರದೆ ತುಂಬ ಬಿಡುವುದೇ ಸರಿ, ಅದಕ್ಕೆ ಕಿರಿದಾದ ಜಾಗ ಹೊಂದುವುದಿಲ್ಲ. ತಾಳೆ ನೋಡುವ ಕೆಲಸ ದೊಡ್ಡ ಪರದೆಯಲ್ಲಿ. 2ಬಿ ಹಾಳೆ ಲ್ಯಾಪ್‌ಟಾಪಿನಲ್ಲೇ ತೆರೆದುಕೊಂಡಿದ್ದರೆ Win + Shift + → ಒತ್ತಿ. ಅದು ಹಾರಿ ಬಲಗಡೆಯ ಮಾನಿಟರಿಗೆ ಹೋಗುತ್ತದೆ. ಅಲ್ಲಿ Win + ←, ಈಗ ಅದು ದೊಡ್ಡ ಪರದೆಯ ಎಡ ಅರ್ಧದಲ್ಲಿದೆ. ಖರೀದಿ ಪಟ್ಟಿಯನ್ನೂ ಹಾಗೆಯೇ ದಾಟಿಸಿ → ಮತ್ತು ↑ ಒತ್ತಿದರೆ ಬಲಗಡೆಯ ಮೇಲ್ಮೂಲೆ. ಬಿಲ್ಲಿನ ಪಿಡಿಎಫ್‌ಗೆ → ಮತ್ತು ↓, ಅದು ಕೆಳಮೂಲೆಯಲ್ಲಿ. ಕೈ ಎಲ್ಲಿಯೂ ಕೀಬೋರ್ಡ್ ಬಿಟ್ಟಿಲ್ಲ.

ಈಗ ಒಂದು ಸಾಲಿನಲ್ಲಿ ತಪ್ಪು ಸಿಗುತ್ತದೆ ಎಂದಿಟ್ಟುಕೊಳ್ಳಿ. 18,000 ರೂಪಾಯಿ ಸರಕಿಗೆ ಶೇಕಡಾ 18ರಂತೆ ತೆರಿಗೆ 3,240, ಅದರಲ್ಲಿ ಕೇಂದ್ರದ ಪಾಲು 1,620, ರಾಜ್ಯದ್ದು 1,620. 2ಬಿಯಲ್ಲಿ ಹಾಗೇ ಇದೆ. ಟ್ಯಾಲಿಯ ಪಟ್ಟಿಯಲ್ಲಿ ಕೇಂದ್ರದ ಪಾಲು 1,260 ಎಂದಿದೆ. ವ್ಯತ್ಯಾಸ 360, ಒಂಬತ್ತರಿಂದ ಭಾಗವಾಗುತ್ತದೆ. ಹಳೆಯ ಗುಮಾಸ್ತರಿಗೆ ಇದು ಸಾಕು: ಅಕ್ಕಪಕ್ಕದ ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಡಿಯಾಗಿರುತ್ತದೆ. ಕೆಳಮೂಲೆಯಲ್ಲಿರುವ ಬಿಲ್ಲಿನ ಮೇಲೆ ಕಣ್ಣಾಡಿಸಿದರೆ 1,620 ಸರಿ ಎಂದು ಗೊತ್ತಾಗುತ್ತದೆ. ಎಡಗಡೆಯ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಕಾಯುತ್ತಿದೆ, ಅಲ್ಲಿ ತಿದ್ದಿದರಾಯಿತು. ಇದೇ ಕೆಲಸವನ್ನು ಒಂದೇ ಪರದೆಯಲ್ಲಿ Alt + Tab ಒತ್ತೊತ್ತಿ ಮಾಡುವವರು 1,620 ಎಂಬ ಸಂಖ್ಯೆಯನ್ನು ಒಂದು ವಿಂಡೋದಿಂದ ಇನ್ನೊಂದಕ್ಕೆ ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು. ಅಂಕಿ ಅದಲುಬದಲಾಗುವುದೂ ಅಂಥ ಹೊತ್ತಿನಲ್ಲೇ.

ಆದರೆ ಈ ಜೋಡಣೆಗೊಂದು ಮಿತಿ ಇದೆ. 2ಬಿ ಹಾಳೆ ಅಡ್ಡಕ್ಕೆ ಬೆಳೆದ ಹಾಳೆ. ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ, ವ್ಯಾಪಾರಿಯ ಹೆಸರು, ಬಿಲ್ ಸಂಖ್ಯೆ, ದಿನಾಂಕ, ಮೊತ್ತ, ಮೂರು ಬಗೆಯ ತೆರಿಗೆ ಎಲ್ಲ ಸೇರಿ 960 ಚುಕ್ಕಿಯ ಅರ್ಧ ಪರದೆಯಲ್ಲಿ ಹಿಡಿಸುವುದಿಲ್ಲ, ಅತ್ತಿತ್ತ ಸರಿಸುತ್ತಲೇ ಇರಬೇಕಾಗುತ್ತದೆ. ಇಂಥ ಹಾಳೆಗಳಿಗೆ ಎಡಬಲದ ಅರ್ಧಕ್ಕಿಂತ ಮೇಲೆ ಕೆಳಗಿನ ಅರ್ಧವೇ ವಾಸಿ. ವಿಂಡೋಸ್ 11ರಲ್ಲಿ Win + Alt + ↑ ಒತ್ತಿದರೆ ವಿಂಡೋ ಮೇಲಿನ ಅರ್ಧಕ್ಕೆ, Win + Alt + ↓ ಒತ್ತಿದರೆ ಕೆಳಗಿನ ಅರ್ಧಕ್ಕೆ ಹೋಗುತ್ತದೆ. ಹತ್ತು ಹದಿನೈದು ಸಾಲುಗಳಷ್ಟೇ ಕಂಡರೂ ಪೂರ್ತಿ ಅಗಲ ಸಿಗುತ್ತದೆ, ಒಂದರ ಕೆಳಗೊಂದು ಕಂಬಗಳು ತಾಳೆಯಾಗುತ್ತವೆ. ವಿಂಡೋಸ್ 10ರಲ್ಲಿ ಈ ಕೀ ಜೋಡಿ ಇಲ್ಲ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇನ್ನು ಬರುವ ಸಂಭವವೂ ಇಲ್ಲ.

ವಿಂಡೋಸ್ 11 ಇರುವವರಿಗೆ Win + Z ಕೂಡ ಇದೆ. ಅರ್ಧ, ಕಾಲು, ಒಂದು ದೊಡ್ಡದು ಒಂದು ಚಿಕ್ಕದು ಎಂಬಂಥ ವಿನ್ಯಾಸಗಳ ಪುಟ್ಟ ಫಲಕ ತೆರೆದು, ಪ್ರತಿಯೊಂದರ ಮೇಲೂ ಅಂಕಿ ಕಾಣುತ್ತದೆ. ವಿನ್ಯಾಸದ ಅಂಕಿ ಒತ್ತಿ, ಆಮೇಲೆ ಅದರೊಳಗಿನ ಜಾಗದ ಅಂಕಿ ಒತ್ತಬೇಕು. ಬಾಣಗಳಷ್ಟು ಚುರುಕಲ್ಲ, ಆದರೆ ಮೂರು ಕಂಬಗಳ ಜೋಡಣೆ ಬಾಣಗಳಿಂದ ಸಿಗದು, ಇದರಿಂದ ಸಿಗುತ್ತದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಇನ್ನೂ ಎಕ್ಸೆಲ್ 2010 ಇಟ್ಟುಕೊಂಡಿರುವ ಕಚೇರಿಗಳಲ್ಲಿ ಈ ಆಟ ನಡೆಯುವುದಿಲ್ಲ. ಆ ಕಾಲದ ಎಕ್ಸೆಲ್ ಎಷ್ಟು ಕಡತ ತೆರೆದರೂ ಎಲ್ಲವನ್ನೂ ಒಂದೇ ದೊಡ್ಡ ವಿಂಡೋದೊಳಗೆ ಇಡುತ್ತಿತ್ತು. ಬಾಣ ಒತ್ತಿದರೆ ಎರಡೂ ಹಾಳೆ ಒಟ್ಟಿಗೇ ಸರಿಯುತ್ತವೆ. 2013ರ ಆವೃತ್ತಿಯಿಂದ ಒಂದೊಂದು ಕಡತಕ್ಕೂ ತನ್ನದೇ ವಿಂಡೋ. ಒಂದೇ ಕಡತದ ಎರಡು ಹಾಳೆಗಳನ್ನು ಅಕ್ಕಪಕ್ಕ ನೋಡಬೇಕೆಂದರೆ View ಪಟ್ಟಿಯಲ್ಲಿ New Window ಒತ್ತಿದರೆ ಅದೇ ಕಡತದ ಎರಡನೇ ವಿಂಡೋ ತೆರೆಯುತ್ತದೆ. ಬ್ರೌಸರಿನ ಟ್ಯಾಬುಗಳಿಗೂ ಇದೇ ನಿಯಮ: ಟ್ಯಾಬ್ ಎಂಬುದು ವಿಂಡೋ ಅಲ್ಲ. ಅದನ್ನು ಎಳೆದು ಹೊರಗೆ ತಂದು ಬೇರೆ ವಿಂಡೋ ಮಾಡಿದ ಮೇಲಷ್ಟೇ ಬಾಣದ ಮಾತು ಕೇಳುತ್ತದೆ.

ಪರದೆ ದಾಟಿಸಲು ನಿಜಕ್ಕೂ ಎರಡು ದಾರಿಗಳಿವೆ, ಎರಡರ ಗುಣ ಬೇರೆ. ಒಂದು ಮೇಲೆ ಹೇಳಿದ Win + Shift + ಬಾಣ. ಇದು ವಿಂಡೋವನ್ನು ಎತ್ತಿ ಪಕ್ಕದ ಮಾನಿಟರಿನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇಡುತ್ತದೆ. ಪರದೆ ತುಂಬ ಹರಡಿದ್ದರೆ ಅಲ್ಲಿಯೂ ಹರಡಿಯೇ ಇರುತ್ತದೆ. ಎರಡನೆಯದು ಶಿಫ್ಟ್ ಇಲ್ಲದೆ ಬರೀ Win + → ಅನ್ನು ಮತ್ತೆ ಮತ್ತೆ ಒತ್ತುವುದು. ಲ್ಯಾಪ್‌ಟಾಪಿನ ಬಲ ಅರ್ಧದಲ್ಲಿರುವ ವಿಂಡೋಗೆ ಇನ್ನೊಮ್ಮೆ → ಒತ್ತಿದರೆ ಅದು ಗಡಿ ದಾಟಿ ಮಾನಿಟರಿನ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಹತ್ತಿರದ ಪಕ್ಕಕ್ಕೆ ಸರಿಸಲು ಇದು ಸಲೀಸು, ದೂರಕ್ಕಾದರೆ ಶಿಫ್ಟ್ ಸೇರಿಸಿದ್ದೇ ಒಳ್ಳೆಯದು.

ಮಾನಿಟರನ್ನು ಲ್ಯಾಪ್‌ಟಾಪಿನ ಮೇಲ್ಗಡೆ ಗೋಡೆಗೆ ಹಾಕಿಕೊಂಡವರು Win + Shift + ↑ ಒತ್ತಿ ನಿರಾಶರಾಗುತ್ತಾರೆ. ಅದು ವಿಂಡೋವನ್ನು ಮೇಲಿನ ಪರದೆಗೆ ಕಳಿಸುವುದಿಲ್ಲ. ಅಗಲ ಹಾಗೇ ಇಟ್ಟು ಎತ್ತರವನ್ನು ಮಾತ್ರ ಪರದೆಯ ತುದಿಯಿಂದ ತುದಿಗೆ ಹಿಗ್ಗಿಸುತ್ತದೆ. ಉದ್ದ ಪಟ್ಟಿ ಓದುವವರಿಗೆ ಅದೂ ಉಪಯೋಗವೇ. ಮೇಲಿನ ಪರದೆಗೆ ಕಳಿಸಲು ಮಾತ್ರ ಎಡ ಅಥವಾ ಬಲ ಬಾಣವನ್ನೇ ಶಿಫ್ಟ್ ಜೊತೆ ಒತ್ತಬೇಕು.

ವಿಂಡೋ ತಪ್ಪು ದಿಕ್ಕಿಗೆ ಹಾರುತ್ತಿದೆ ಎಂಬುದು ಇನ್ನೊಂದು ದೂರು. ಬಲಕ್ಕೆ ಕಳಿಸಿದರೆ ಎಡದ ಪರದೆಯಲ್ಲಿ ಬಂದು ನಿಲ್ಲುತ್ತದೆ. ಕಾರಣ, ಮೇಜಿನ ಮೇಲೆ ಯಾವ ಮಾನಿಟರ್ ಎಲ್ಲಿದೆ ಎಂದು ಕಂಪ್ಯೂಟರಿಗೆ ಕಣ್ಣಿಲ್ಲ. ಅದಕ್ಕೆ ನಾವು ಹೇಳಬೇಕು. ಪರೀಕ್ಷೆ ಸುಲಭ: ಮೌಸಿನ ಬಾಣವನ್ನು ಲ್ಯಾಪ್‌ಟಾಪಿನ ಬಲ ಅಂಚಿಗೆ ಒಯ್ದು ತಳ್ಳಿ. ಬಲಗಡೆಯ ಮಾನಿಟರಿಗೆ ದಾಟದೆ ಅಲ್ಲೇ ತಡೆದು ನಿಂತರೆ, ಎಡ ಅಂಚಿನಿಂದ ದಾಟಿದರೆ, ಕ್ರಮ ತಲೆಕೆಳಗಾಗಿದೆ. Settings ಒಳಗೆ System, Display ತೆರೆದರೆ 1 ಮತ್ತು 2 ಎಂದು ಬರೆದ ಎರಡು ಚೌಕಗಳು ಕಾಣುತ್ತವೆ. Identify ಒತ್ತಿದರೆ ಯಾವುದು ಯಾವುದೆಂದು ಆಯಾ ಪರದೆಯ ಮೇಲೇ ಅಂಕಿ ಮೂಡುತ್ತದೆ. ಚೌಕಗಳನ್ನು ಮೇಜಿನ ಮೇಲಿರುವಂತೆಯೇ ಎಳೆದಿಟ್ಟು Apply ಒತ್ತಿದರೆ ಬಾಣಗಳು ದಾರಿಗೆ ಬರುತ್ತವೆ. ಎರಡೂ ಪರದೆಯಲ್ಲಿ ಒಂದೇ ಚಿತ್ರ ಕಾಣುತ್ತಿದ್ದರೆ ದಾಟಿಸುವ ಪ್ರಶ್ನೆಯೇ ಇಲ್ಲ. Win + P ಒತ್ತಿ Extend ಆರಿಸಬೇಕು.

ದಾಟಿದ ಮೇಲೆ ಅಕ್ಷರ ಮಸುಕಾಗುವುದೂ ಉಂಟು. ಚಿಕ್ಕ ಲ್ಯಾಪ್‌ಟಾಪ್ ಪರದೆಯಲ್ಲಿ ಅಕ್ಷರ ಓದಲಾಗಲಿ ಎಂದು ವಿಂಡೋಸ್ ಎಲ್ಲವನ್ನೂ ಶೇಕಡಾ 125 ಅಥವಾ 150ಕ್ಕೆ ಹಿಗ್ಗಿಸಿರುತ್ತದೆ, ದೊಡ್ಡ ಮಾನಿಟರಿನಲ್ಲಿ 100 ಇರುತ್ತದೆ. ಹೊಸ ಪ್ರೋಗ್ರಾಂಗಳು ದಾಟುವಾಗಲೇ ಅಳತೆ ಬದಲಿಸಿಕೊಳ್ಳುತ್ತವೆ, ಹಳೆಯವಕ್ಕೆ ಅದು ಗೊತ್ತಿಲ್ಲ. ಅವುಗಳ ಚಿತ್ರವನ್ನು ವಿಂಡೋಸ್ ಜಗ್ಗಿ ಕುಗ್ಗಿಸಿ ತೋರಿಸುವುದರಿಂದ ಮಸುಕು. ಕಣ್ಣಿನ ದೋಷವೂ ಅಲ್ಲ, ಕೇಬಲ್ಲಿನ ದೋಷವೂ ಅಲ್ಲ. ಹಳೆಯ ಪ್ರೋಗ್ರಾಮನ್ನು ಅದು ಸ್ಫುಟವಾಗಿ ಕಾಣುವ ಪರದೆಯಲ್ಲೇ ಬಿಡುವುದು ಸರಳ ದಾರಿ.

ಇನ್ನು ಕಳೆದುಹೋದ ವಿಂಡೋ. ಸಂಜೆ ಲ್ಯಾಪ್‌ಟಾಪನ್ನು ಮಾನಿಟರಿನಿಂದ ಬಿಡಿಸಿ ಮನೆಗೆ ಒಯ್ದವರಿಗೆ ಇದು ಪರಿಚಿತ. ಪ್ರೋಗ್ರಾಂ ತೆರೆದಿದೆ, ಕೆಳಗಿನ ಪಟ್ಟಿಯಲ್ಲಿ ಅದರ ಗುರುತಿದೆ, ಆದರೆ ಪರದೆಯ ಮೇಲೆ ಏನೂ ಇಲ್ಲ. ಇದರ ಹಿಂದೊಂದು ಸರಳ ಲೆಕ್ಕವಿದೆ. ವಿಂಡೋಸ್ ಎಲ್ಲ ಮಾನಿಟರುಗಳನ್ನೂ ಸೇರಿಸಿ ಒಂದೇ ಅಂಗಳವೆಂದು ಎಣಿಸುತ್ತದೆ. ಮುಖ್ಯ ಪರದೆಯ ಎಡಗಡೆಯ ಮೇಲ್ಮೂಲೆಯೇ ಸೊನ್ನೆ. ಅಲ್ಲಿಂದ ಬಲಕ್ಕೆ ಹೋದಂತೆ ಸಂಖ್ಯೆ ಏರುತ್ತದೆ, ಎಡಕ್ಕಿರುವ ಮಾನಿಟರಿನಲ್ಲಿ ಋಣ ಸಂಖ್ಯೆ ಬರುತ್ತದೆ. ಬಲಗಡೆಯ ಮಾನಿಟರಿನಲ್ಲಿ 2,400ನೇ ಚುಕ್ಕಿಯ ಬಳಿ ಮುಚ್ಚಿದ ಪ್ರೋಗ್ರಾಂ ಆ ಜಾಗವನ್ನು ನೆನಪಿಟ್ಟುಕೊಂಡು, ಮನೆಯಲ್ಲಿಯೂ ಅಲ್ಲೇ ತೆರೆದುಕೊಳ್ಳುತ್ತದೆ. ಅಲ್ಲಿ ಈಗ ಪರದೆಯೇ ಇಲ್ಲ. ಎಲ್ಲ ಪ್ರೋಗ್ರಾಂಗಳೂ ಹೀಗೆ ಮಾಡುವುದಿಲ್ಲ, ತೆರೆಯುವ ಮುನ್ನ ಪರದೆಯ ಅಳತೆ ನೋಡದವು ಮಾತ್ರ.

ಮರಳಿ ತರಲು ಮೊದಲು Alt + Tab ಒತ್ತಿ ಅದನ್ನೇ ಆರಿಸಿಕೊಳ್ಳಬೇಕು. ಕಾಣದಿದ್ದರೂ ಈಗ ಕೀಗಳ ಮಾತು ಕೇಳುವುದು ಅದೇ. ನಂತರ Win + ← ಅಥವಾ Win + ↑ ಒತ್ತಿದರೆ ಬಹುಮಟ್ಟಿಗೆ ಓಡಿಬರುತ್ತದೆ. ಅಳತೆ ಬದಲಿಸಲು ಬಾರದ ಚಿಕ್ಕ ಡಬ್ಬಿಗಳು ಇದಕ್ಕೂ ಜಗ್ಗುವುದಿಲ್ಲ. ಆಗ Alt + Space ಒತ್ತಿ M ಒತ್ತಬೇಕು, ಯಾವುದಾದರೂ ಬಾಣದ ಕೀಯನ್ನು ಒಮ್ಮೆ ತಟ್ಟಬೇಕು, ಆಮೇಲೆ ಮೌಸನ್ನು ಅಲ್ಲಾಡಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಬರುತ್ತದೆ. ಇಟ್ಟಲ್ಲಿ ಒಂದು ಕ್ಲಿಕ್. ವಿಂಡೋಸ್‌ನ ಬಹಳ ಹಳೆಯ ವಿದ್ಯೆ ಇದು, ಇಂದಿಗೂ ಕೆಲಸಕ್ಕೆ ಬರುತ್ತದೆ.

ಕೈ ತಪ್ಪಿ Win ಬದಲು Ctrl + Alt ಜೊತೆ ಬಾಣ ಒತ್ತಿದವರ ಪಾಡು ಬೇರೆ. ಇಂಟೆಲ್ ಗ್ರಾಫಿಕ್ಸ್‌ನ ಹಳೆಯ ಡ್ರೈವರ್ ಇರುವ ಕಂಪ್ಯೂಟರುಗಳಲ್ಲಿ ಇಡೀ ಪರದೆಯೇ ಮಗುಚಿಕೊಳ್ಳುತ್ತದೆ, ಅಕ್ಷರಗಳೆಲ್ಲ ತಲೆಕೆಳಗು. ಮಾನಿಟರ್ ಕೆಟ್ಟಿತೆಂದು ಯಾರಿಗೂ ಫೋನ್ ಮಾಡಬೇಕಿಲ್ಲ, Ctrl + Alt + ↑ ಒತ್ತಿದರೆ ನೆಟ್ಟಗಾಗುತ್ತದೆ.

ಬೇರೆ ಕಂಪ್ಯೂಟರುಗಳವರಿಗೆ ದಾರಿ ಸ್ವಲ್ಪ ಬೇರೆ. ಆ್ಯಪಲ್ ಈ ವಿಷಯದಲ್ಲಿ ಬಹಳ ತಡ ಮಾಡಿತು. ಮ್ಯಾಕ್‌ನಲ್ಲಿ 2024ರ ಸೆಕೋಯಾ ಆವೃತ್ತಿಯಿಂದ Fn ಮತ್ತು Control ಹಿಡಿದು ಬಾಣ ಒತ್ತಿದರೆ ಅರ್ಧಕ್ಕೆ ಕೂರುತ್ತದೆ. ಅದಕ್ಕೂ ಮೊದಲು, ಈಗಲೂ, ರೆಕ್ಟಾಂಗಲ್ ಎಂಬ ಉಚಿತ ಆ್ಯಪ್ ಹಾಕಿಕೊಂಡವರು ಹಲವರು. ಅದರಲ್ಲಿ Control ಮತ್ತು Option ಜೊತೆ U, I, J, K ಒತ್ತಿದರೆ ನಾಲ್ಕು ಮೂಲೆಗಳು ಸಿಗುತ್ತವೆ. ಲಿನಕ್ಸ್‌ನ ಗ್ನೋಮ್ ಮೇಜಿನಲ್ಲಿ ಎಡಬಲದ ಅರ್ಧಕ್ಕೆ ವಿಂಡೋಸ್‌ನಂತೆಯೇ ಬಾಣಗಳು, ಪರದೆ ದಾಟಿಸಲು ಶಿಫ್ಟ್ ಸೇರಿಸಬೇಕು. ಮೇಲಿನ ಮಾನಿಟರಿಗೆ ಮೇಲಿನ ಬಾಣವೇ ಅಲ್ಲಿ ಕೆಲಸ ಮಾಡುತ್ತದೆ.

ವಿಂಡೋಸ್ 11ಕ್ಕೆ ಬಂದವರು ಸಂಜೆ ಮಾನಿಟರ್ ಬಿಡಿಸುವ ಮುನ್ನ ಒಮ್ಮೆ ನೋಡಿಟ್ಟುಕೊಳ್ಳಬೇಕಾದ ಎರಡು ಗುರುತುಗಳಿವೆ. Display ಪುಟದ Multiple displays ಒಳಗೆ Remember window locations based on monitor connection ಮತ್ತು Minimize windows when a monitor is disconnected ಎಂಬ ಸಾಲುಗಳ ಮುಂದೆ ಟಿಕ್ ಇರಬೇಕು. ಇದ್ದರೆ, ಮಾನಿಟರ್ ಬಿಡಿಸಿದಾಗ ಅದರಲ್ಲಿದ್ದ ವಿಂಡೋಗಳು ಲ್ಯಾಪ್‌ಟಾಪಿನ ಮೇಲೆ ಬಂದು ರಾಶಿ ಬೀಳದೆ ಕೆಳಗಿನ ಪಟ್ಟಿಗೆ ಇಳಿಯುತ್ತವೆ. ಬೆಳಿಗ್ಗೆ ಕೇಬಲ್ ಚುಚ್ಚಿದಾಗ 2ಬಿ ಹಾಳೆ ಎಡ ಅರ್ಧಕ್ಕೆ, ಬಿಲ್ಲು ಕೆಳಮೂಲೆಗೆ ಮರಳುತ್ತವೆ. ನಡುವೆ ಕಂಪ್ಯೂಟರನ್ನು ಪೂರ್ತಿ ಆರಿಸಿದ್ದರೆ ಮಾತ್ರ ಬಾಣಗಳಿಂದ ಮತ್ತೆ ಜೋಡಿಸಬೇಕಾಗುತ್ತದೆ.